ಆಟೋಮೇಶನ್ ಕೆಲಸಕ್ಕೆ ಫ್ರೆಶರ್ ಬರೆಯುವ ಕವರ್ ಲೆಟರ್: ಪದೇ ಪದೇ ಕೇಳುವ ಪ್ರಶ್ನೆಗಳು

ಓದು ಮುಗಿಸಿ ಜೂನಿಯರ್ ಆಟೋಮೇಶನ್ ಕೆಲಸ ಹುಡುಕುತ್ತಿರುವವರು ಮಾತಿನಲ್ಲಿ, ಪತ್ರದಲ್ಲಿ, ಕಾಮೆಂಟಿನಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಬಿಟ್ಟಿದ್ದೇನೆ. ನಾನು ಅರ್ಜಿ ಓದುವ ಕಡೆ ಕೂತವನು, ಹಾಗಾಗಿ ಉತ್ತರಗಳೂ ಆ ಕಡೆಯಿಂದಲೇ ಬಂದಿವೆ.

ಎಲ್ಲ ಉತ್ತರಗಳಿಗೂ ಒಂದೇ ಉದಾಹರಣೆ ಇಟ್ಟುಕೊಂಡಿದ್ದೇನೆ. ಹಾಸನದ ಒಬ್ಬ ಬಿಸಿಎ ಹುಡುಗಿ. ಅವಳ ಸೋದರಮಾವನ ಮೆಡಿಕಲ್ ಶಾಪ್. ಅವಧಿ ಮುಗಿಯಲಿರುವ ಔಷಧಗಳನ್ನು ಸ್ಟಾಕ್ ಶೀಟಿನಿಂದ ಹುಡುಕಿ ಇ-ಮೇಲ್ ಕಳಿಸುವ ಒಂದು ಪೈಥಾನ್ ಸ್ಕ್ರಿಪ್ಟ್. ಹುಡುಗಿ, ಮಾವ, ಅಂಗಡಿ ಎಲ್ಲ ಈ ಪುಟಕ್ಕಾಗಿ ಕಟ್ಟಿಕೊಂಡದ್ದು. ಸ್ಕ್ರಿಪ್ಟಿನಲ್ಲಿ ಎದುರಾಗುವ ತೊಂದರೆಗಳು ಮಾತ್ರ ನಿಜವಾದವು.

## ಮೊದಲಿಗೆ

ಕವರ್ ಲೆಟರ್ ಯಾರಾದ್ರೂ ಓದ್ತಾರಾ ಸರ್? ರೆಸ್ಯೂಮೆ ಸಾಕಲ್ವಾ?

ಎಲ್ಲರೂ ಓದುವುದಿಲ್ಲ. ಎಚ್‌ಆರ್‌ನವರು ಬಹಳ ಸಲ ರೆಸ್ಯೂಮೆ ಮಾತ್ರ ನೋಡಿ ಮುಂದೆ ಕಳಿಸುತ್ತಾರೆ. ಆದರೆ ಫ್ರೆಶರ್‌ಗಳ ರೆಸ್ಯೂಮೆಗಳು ಒಂದರ ಪಕ್ಕ ಒಂದು ಇಟ್ಟರೆ ಗುರುತೇ ಸಿಗದಷ್ಟು ಒಂದೇ ಥರ ಇರುತ್ತವೆ. ಅದೇ ಪೈಥಾನ್, ಅದೇ ಎಸ್‌ಕ್ಯುಎಲ್, ಅದೇ ನಾಲ್ಕು ಜನ ಸೇರಿ ಮಾಡಿದ ಕೊನೇ ವರ್ಷದ ಪ್ರಾಜೆಕ್ಟ್. ಇವುಗಳಲ್ಲಿ ಯಾರನ್ನು ಕರೆಯಬೇಕು ಎಂದು ಟೀಮ್ ಲೀಡ್ ಯೋಚಿಸುವ ಹೊತ್ತಿಗೆ ಪತ್ರ ತೆರೆಯುತ್ತಾರೆ.

ಆಗ ಅವರು ಹುಡುಕುವುದು ಒಂದೇ ವಿಷಯ. ಇವರು ಬರೆದ ಸ್ಕ್ರಿಪ್ಟನ್ನು ಯಾರೂ ನೋಡದಿರುವಾಗ ಓಡಲು ಬಿಡಬಹುದೇ? ಆಟೋಮೇಶನ್ ಕೆಲಸ ಎಂದರೆ ಅದೇ ತಾನೇ. ಪ್ರೋಗ್ರಾಮ್ ಬರೆಯಲು ಬರುತ್ತದೆ ಎಂದು ರೆಸ್ಯೂಮೆ ಹೇಳುತ್ತದೆ. ಬರೆದ ಮೇಲೆ ಏನಾಯಿತು, ಎಲ್ಲಿ ಕೆಟ್ಟಿತು, ಕೆಟ್ಟಿದ್ದು ಹೇಗೆ ಗೊತ್ತಾಯಿತು ಎಂದು ಹೇಳುವ ಜಾಗ ಪತ್ರ ಮಾತ್ರ.

ಆಟೋಮೇಶನ್ ಅಂತ ಇರೋ ಎಲ್ಲಾ ಕೆಲಸಕ್ಕೂ ಒಂದೇ ಪತ್ರ ಕಳಿಸ್ಬಹುದಾ?

ಬೇಡ. ಆಟೋಮೇಶನ್ ಎಂಬ ಒಂದೇ ಹೆಸರಿನಲ್ಲಿ ಬೇರೆ ಬೇರೆ ಕೆಲಸಗಳಿವೆ. ಸಾಫ್ಟ್‌ವೇರ್ ಕಂಪನಿಗಳಲ್ಲಿ ಬಹುಪಾಲು ಅದು ಟೆಸ್ಟ್ ಆಟೋಮೇಶನ್. ಸೆಲೆನಿಯಮ್, ಪ್ಲೇರೈಟ್, ಪೈಟೆಸ್ಟ್ ಎಂಬ ಹೆಸರುಗಳು ಜಾಹೀರಾತಿನಲ್ಲಿ ಕಾಣುತ್ತವೆ. ಯುಐಪಾತ್, ಪವರ್ ಆಟೊಮೇಟ್ ಎಂದಿದ್ದರೆ ಅದು ಆರ್‌ಪಿಎ, ಅಂದರೆ ಆಫೀಸಿನಲ್ಲಿ ಜನ ಮಾಡುವ ಎಂಟ್ರಿ, ಬಿಲ್ಲು, ವರದಿ ಕೆಲಸಗಳನ್ನು ತಾನಾಗಿ ನಡೆಸುವುದು. ಲಿನಕ್ಸ್, ಬ್ಯಾಶ್, ಆನ್ಸಿಬಲ್ ಎಂದಿದ್ದರೆ ಸರ್ವರ್ ಕಡೆಯದು. ಪೀಣ್ಯದ ಕಡೆಯ ಕಂಪನಿ ಪಿಎಲ್‌ಸಿ, ಲ್ಯಾಡರ್ ಲಾಜಿಕ್ ಎಂದು ಬರೆದಿದ್ದರೆ ಅದು ಕಾರ್ಖಾನೆಯ ಯಂತ್ರಗಳ ಆಟೋಮೇಶನ್. ಅಲ್ಲಿಗೆ ಪೈಥಾನ್ ಸ್ಕ್ರಿಪ್ಟಿನ ಪತ್ರ ಅಷ್ಟು ಹೊಂದುವುದಿಲ್ಲ.

ಪ್ರಾಜೆಕ್ಟ್ ಬದಲಿಸಬೇಕಾಗಿಲ್ಲ. ಅದರ ಯಾವ ಮಗ್ಗುಲನ್ನು ಮುಂದೆ ಇಡುತ್ತೀರಿ ಎನ್ನುವುದು ಬದಲಾಗಬೇಕು. ಔಷಧದ ಸ್ಕ್ರಿಪ್ಟನ್ನೇ ನೋಡಿ. ಆರ್‌ಪಿಎ ಕೆಲಸಕ್ಕಾದರೆ ಮಾವ ಕೈಯಲ್ಲಿ ಮಾಡುತ್ತಿದ್ದ ಕೆಲಸವನ್ನು ಹಂತ ಹಂತವಾಗಿ ಗಮನಿಸಿದ್ದು ಮುಖ್ಯ. ಟೆಸ್ಟ್ ಆಟೋಮೇಶನ್‌ಗಾದರೆ ದಿನಾಂಕ ಓದುವ ಫಂಕ್ಷನ್‌ಗೆ ಬರೆದ ಟೆಸ್ಟುಗಳು ಮುಖ್ಯ. ಸರ್ವರ್ ಕಡೆಗಾದರೆ ವೇಳೆಗೆ ಸರಿಯಾಗಿ ಓಡಿಸುವುದು, ಲಾಗ್ ಬರೆಯುವುದು, ಕೆಟ್ಟಾಗ ಸುದ್ದಿ ಮುಟ್ಟಿಸುವುದು ಮುಖ್ಯ. ಪತ್ರದಲ್ಲಿ ಬದಲಾಗುವುದು ನಾಲ್ಕೈದು ಸಾಲು ಅಷ್ಟೇ.

ಎಷ್ಟು ಉದ್ದ ಇರ್ಬೇಕು? ಇಂಗ್ಲಿಷಲ್ಲೇ ಬರೀಬೇಕಾ?

ಮೊಬೈಲಿನಲ್ಲಿ ಎರಡು ಸಲ ಬೆರಳಾಡಿಸಿದರೆ ಮುಗಿಯುವಷ್ಟು ಸಾಕು. ಇಂಗ್ಲಿಷಿನಲ್ಲಾದರೆ 200ರಿಂದ 250 ಪದ. ಅಟ್ಯಾಚ್‌ಮೆಂಟ್ ಮಾಡದೆ ಇ-ಮೇಲಿನ ಒಳಗೇ ಬರೆಯಿರಿ. ಅಟ್ಯಾಚ್ ಮಾಡಲು ರೆಸ್ಯೂಮೆ ಇದೆಯಲ್ಲ.

ಭಾಷೆ ಜಾಹೀರಾತು ಯಾವುದರಲ್ಲಿದೆಯೋ ಅದೇ. ನಮ್ಮಲ್ಲಿ ಈ ಕೆಲಸಗಳ ಜಾಹೀರಾತು ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಇರುತ್ತದೆ. ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ಒಂದು ಉಪಾಯ ಹೇಳುತ್ತೇನೆ. ಮೊದಲು ಕನ್ನಡದಲ್ಲಿ, ಗೆಳೆಯನಿಗೆ ಹೇಳುವ ಹಾಗೆ ಬರೆದುಕೊಳ್ಳಿ. ಆಮೇಲೆ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಬರೆಯಿರಿ. ಶಾಲೆಯಲ್ಲಿ ರಜಾ ಅರ್ಜಿಗೆ ಕಲಿಸಿದ 'ರೆಸ್ಪೆಕ್ಟೆಡ್ ಸರ್, ವಿತ್ ಡ್ಯೂ ರೆಸ್ಪೆಕ್ಟ್' ಧಾಟಿ ಇಲ್ಲಿ ಬೇಡ. ವ್ಯಾಕರಣದ ಸಣ್ಣ ತಪ್ಪಿಗೆ ಯಾರೂ ಅರ್ಜಿ ಎಸೆಯುವುದಿಲ್ಲ. ಏನು ಮಾಡಿದ್ದೀರಿ ಎಂದೇ ಅರ್ಥವಾಗದಿದ್ದರೆ ಎಸೆಯುತ್ತಾರೆ.

ನನ್ನದು ಬರೀ ನೂರು ಸಾಲಿನ ಸ್ಕ್ರಿಪ್ಟ್. ಅದನ್ನೂ ಪ್ರಾಜೆಕ್ಟ್ ಅಂತ ಹೇಳ್ಕೊಳ್ಳೋದಾ?

ಹೇಳಿಕೊಳ್ಳಿ. ನೂರು ಸಾಲಿನ ಸ್ಕ್ರಿಪ್ಟನ್ನು ಒಬ್ಬರು ನಿಜವಾಗಿ ವಾರ ವಾರ ಬಳಸುತ್ತಿದ್ದರೆ ನನಗೆ ಅದು, ಒಮ್ಮೆ ಡೆಮೊ ಕೊಟ್ಟು ಮುಚ್ಚಿಟ್ಟ ಮುಖ ಗುರುತಿಸುವ ಹಾಜರಿ ಸಿಸ್ಟಮ್‌ಗಿಂತ ದೊಡ್ಡದು. ಡೆಮೊ ದಿನ ನೀವೇ ಪಕ್ಕದಲ್ಲಿ ನಿಂತು ಓಡಿಸಿರುತ್ತೀರಿ. ಬೇರೆಯವರು ಬಳಸುವ ಸ್ಕ್ರಿಪ್ಟಿಗೆ ಫೈಲಿನ ಹೆಸರು ಬದಲಾಗುತ್ತದೆ, ಕಾಲಮ್ ಆಚೀಚೆ ಹೋಗುತ್ತದೆ, ಕಂಪ್ಯೂಟರ್ ಆಫ್ ಆಗಿರುತ್ತದೆ. ಇದನ್ನೆಲ್ಲ ನೋಡಿದವರು ನಮಗೆ ಬೇಕು.

ಯಾರೂ ಬಳಸದೆ ನೀವೊಬ್ಬರೇ ಬಳಸುತ್ತಿದ್ದರೂ ಪರವಾಗಿಲ್ಲ. ಹಾಗೆಂದೇ ಬರೆಯಿರಿ.

## ಸ್ಕ್ರಿಪ್ಟ್ ಬಗ್ಗೆ ಬರೆಯುವಾಗ

ಪ್ರಾಜೆಕ್ಟ್ ಪ್ಯಾರಾದಲ್ಲಿ ಏನೇನು ಹಾಕ್ಬೇಕು? ಲೈಬ್ರರಿ ಹೆಸರೆಲ್ಲ ಬರೀಲಾ?

ಸ್ಕ್ರಿಪ್ಟ್ ಬರುವ ಮುಂಚೆ ಆ ಕೆಲಸ ಹೇಗೆ ನಡೆಯುತ್ತಿತ್ತು ಎನ್ನುವುದರಿಂದ ಶುರು ಮಾಡಿ. ಹೆಚ್ಚಿನವರು ಇದನ್ನೇ ಬಿಟ್ಟುಬಿಡುತ್ತಾರೆ. 'ಪಾಂಡಾಸ್ ಮತ್ತು ಓಪನ್‌ಪೈಎಕ್ಸೆಲ್ ಬಳಸಿ ಇನ್ವೆಂಟರಿ ಮ್ಯಾನೇಜ್‌ಮೆಂಟ್ ಆಟೋಮೇಶನ್ ಮಾಡಿದ್ದೇನೆ' ಎಂದು ಬರೆದರೆ ಕಣ್ಣಿಗೆ ಏನೂ ಕಾಣುವುದಿಲ್ಲ. ಇದನ್ನು ಓದಿ: 'ಅವಧಿ ಮುಗಿಯಲಿರುವ ಔಷಧವನ್ನು ಸ್ಟಾಕಿಸ್ಟ್‌ಗೆ ವಾಪಸ್ ಕೊಡಲು ಮಾವ ಪ್ರತಿ ತಿಂಗಳು ಕಪಾಟು ಕಪಾಟು ನೋಡಿ ಪಟ್ಟಿ ಮಾಡುತ್ತಿದ್ದರು. ತಡವಾದರೆ ಸ್ಟಾಕಿಸ್ಟ್ ತೆಗೆದುಕೊಳ್ಳುತ್ತಿರಲಿಲ್ಲ.' ಕೆಲಸ ಯಾವುದು, ತಪ್ಪಿದರೆ ನಷ್ಟ ಯಾರಿಗೆ ಎಂದು ಎರಡೇ ವಾಕ್ಯದಲ್ಲಿ ಗೊತ್ತಾಯಿತು.

ಆಮೇಲೆ ಸ್ಕ್ರಿಪ್ಟ್ ಏನನ್ನು ತೆಗೆದುಕೊಂಡು ಏನನ್ನು ಕೊಡುತ್ತದೆ ಎಂದು ಒಂದು ವಾಕ್ಯ. ನಂತರ ಕೈಕೊಟ್ಟ ಒಂದು ಜಾಗ ಮತ್ತು ಅದನ್ನು ಸರಿಪಡಿಸಿದ ಬಗೆ. ಕೊನೆಗೆ ಅದು ಏನನ್ನು ಮಾಡುವುದಿಲ್ಲ ಎಂಬುದು. ಲೈಬ್ರರಿ ಹೆಸರು ಒಂದೋ ಎರಡೋ ವಾಕ್ಯದ ಮಧ್ಯೆ ಬಂದರೆ ಸಾಕು. ಪಟ್ಟಿ ಹೇಗೂ ರೆಸ್ಯೂಮೆಯಲ್ಲಿ ಇರುತ್ತದೆ.

ಸ್ಕ್ರಿಪ್ಟ್ ಕೆಟ್ಟಿದ್ದನ್ನ ಪತ್ರದಲ್ಲಿ ಹೇಳಿದ್ರೆ ನಮ್ಮ ಬಗ್ಗೆ ಕೆಟ್ಟ ಅಭಿಪ್ರಾಯ ಬರಲ್ವಾ?

ಪತ್ರದಲ್ಲಿ ನಾನು ಎರಡು ಸಲ ಓದುವ ಜಾಗವೇ ಅದು. ಆದರೆ 'ಹಲವು ಸವಾಲುಗಳನ್ನು ಎದುರಿಸಿದೆ' ಎಂದು ಬರೆದರೆ ಪ್ರಯೋಜನವಿಲ್ಲ. ಯಾವ ತೊಂದರೆ, ಯಾಕೆ ಬಂತು ಎಂದು ಬಿಡಿಸಿ ಹೇಳಬೇಕು. ಔಷಧದ ಸ್ಕ್ರಿಪ್ಟಿನಲ್ಲಿ ಇದನ್ನು ಪೂರ್ತಿ ನೋಡೋಣ.

ಸ್ಟ್ರಿಪ್ ಮೇಲೆ ಅವಧಿ ಸಾಮಾನ್ಯವಾಗಿ ತಿಂಗಳು ಮತ್ತು ವರ್ಷ ಮಾತ್ರ ಇರುತ್ತದೆ. `03/27` ಎಂದರೆ 2027ರ ಮಾರ್ಚ್ ಕೊನೆಯ ದಿನದವರೆಗೆ. ಮಾವ ಅದನ್ನು ಎಕ್ಸೆಲ್ ಶೀಟಿನಲ್ಲಿ ಹಾಗೇ ಟೈಪ್ ಮಾಡುತ್ತಾರೆ. ಕಾಲಮ್ ಅನ್ನು ಟೆಕ್ಸ್ಟ್ ಎಂದು ಸೆಟ್ ಮಾಡಿದ್ದರೆ `03/27` ಹಾಗೇ ಉಳಿಯುತ್ತದೆ. ಇಲ್ಲದಿದ್ದರೆ ಎಕ್ಸೆಲ್ ತನ್ನ ಪಾಡಿಗೆ ಅದನ್ನು ದಿನಾಂಕ ಮಾಡಿಬಿಡುತ್ತದೆ. ಕಂಪ್ಯೂಟರಿನ ರೀಜನ್ ಸೆಟ್ಟಿಂಗ್ ಭಾರತದ್ದಾಗಿದ್ದರೆ 27 ಎಂಬ ತಿಂಗಳು ಇಲ್ಲವಲ್ಲ, ಹಾಗಾಗಿ ಅದು 2027ರ ಮಾರ್ಚ್ 1 ಆಗುತ್ತದೆ. ಸೆಟ್ಟಿಂಗ್ ಅಮೆರಿಕದ್ದಾಗಿದ್ದರೆ ತಿಂಗಳು ಮೊದಲು, ದಿನ ಆಮೇಲೆ. ಆಗ ಅದು ಟೈಪ್ ಮಾಡಿದ ವರ್ಷದ ಮಾರ್ಚ್ 27 ಆಗುತ್ತದೆ.

ಮೊದಲನೆಯ ತಪ್ಪಿನಿಂದ ಎಚ್ಚರಿಕೆ ಒಂದು ತಿಂಗಳು ಮುಂಚೆ ಬರುತ್ತದೆ, ಅಷ್ಟೇನೂ ಹಾನಿಯಿಲ್ಲ. ಎರಡನೆಯದರಲ್ಲಿ ವರ್ಷವೇ ತಪ್ಪು. 2027ರವರೆಗೆ ಮಾರಬಹುದಾದ ಔಷಧ ಅವಧಿ ಮೀರಿದ ಪಟ್ಟಿಗೆ ಸೇರುತ್ತದೆ. ಇದರ ಜೊತೆಗೆ `MAR-27` ಎಂದು ಬರೆದ ಸಾಲುಗಳೂ ಇರುತ್ತವೆ. ಓಪನ್‌ಪೈಎಕ್ಸೆಲ್‌ನಲ್ಲಿ ಓದಿದಾಗ ಕೆಲವು ಸೆಲ್ ಅಕ್ಷರಗಳಾಗಿ, ಕೆಲವು `datetime` ಆಗಿ ಕೈಗೆ ಬರುತ್ತವೆ. ಅವಳು ಮಾಡಿದ ಪರಿಹಾರ ಹೀಗಿದೆ:

```python
from calendar import monthrange
from datetime import date, datetime

def expiry(v):
    if isinstance(v, datetime):
        if v.day != 1:
            return None
        m, y = v.month, v.year
    else:
        m, y = map(int, str(v).strip().split("/"))
        y = 2000 + y % 100
    return date(y, m, monthrange(y, m)[1])
```

ದಿನಾಂಕವಾಗಿ ಬಂದರೆ, ದಿನ 1 ಆಗಿದ್ದಾಗ ಮಾತ್ರ ನಂಬುತ್ತದೆ. ಅಮೆರಿಕದ ಸೆಟ್ಟಿಂಗಿನಿಂದ ಬಂದ ಮಾರ್ಚ್ 27 ಇಲ್ಲಿ ಸಿಕ್ಕಿಬೀಳುತ್ತದೆ. `MAR-27` ಬಂದರೆ `ValueError` ಏಳುತ್ತದೆ, ಕರೆದ ಕಡೆ ಅದನ್ನು ಹಿಡಿಯುತ್ತಾಳೆ. ಮುಖ್ಯವಾದ ಮಾತು ಆಮೇಲಿನದು. ಅರ್ಥವಾಗದ ಸಾಲನ್ನು ಅವಳು ಬಿಟ್ಟುಬಿಡಲಿಲ್ಲ, ಊಹಿಸಿ ತುಂಬಿಸಲೂ ಇಲ್ಲ. ಇ-ಮೇಲಿನ ಕೊನೆಯಲ್ಲಿ 'ಈ ಸಾಲುಗಳನ್ನು ಓದಲಾಗಲಿಲ್ಲ, ಸ್ಟ್ರಿಪ್ ನೋಡಿ ಸರಿಪಡಿಸಿ' ಎಂದು ಬೇರೆ ಪಟ್ಟಿ ಕೊಟ್ಟಳು. ಓದಿದ ಸಾಲು, ಓದಲಾಗದ ಸಾಲು ಎರಡನ್ನೂ ಕೂಡಿದರೆ ಶೀಟಿನ ಒಟ್ಟು ಸಾಲು ಬರುತ್ತದೆಯೇ ಎಂದು ಸ್ಕ್ರಿಪ್ಟ್ ಪ್ರತಿ ಸಲ ತಾಳೆ ನೋಡುತ್ತದೆ.

ಈ ಕೋಡನ್ನು ಪತ್ರಕ್ಕೆ ಹಾಕಬೇಡಿ. ಪತ್ರದಲ್ಲಿ ಇದು ಮೂರು ವಾಕ್ಯ ಅಷ್ಟೇ. ಇಷ್ಟು ವಿವರ ತಲೆಯಲ್ಲಿದ್ದರೆ ಆ ಮೂರು ವಾಕ್ಯ ಗಟ್ಟಿಯಾಗಿ ಬರುತ್ತವೆ.

'80% ಸಮಯ ಉಳಿಸಿತು' ಅಂತ ಬರೆದ್ರೆ ಚೆನ್ನಾಗಿರತ್ತೆ ಅಲ್ವಾ?

ಎಲ್ಲರೂ ಬರೆಯುವುದರಿಂದ ಅದನ್ನು ಯಾರೂ ನಂಬುವುದಿಲ್ಲ. 'ಯಾವುದರ 80%?' ಎಂಬ ಮೊದಲ ಪ್ರಶ್ನೆಗೇ ಬಹಳ ಜನ ತಡವರಿಸುತ್ತಾರೆ.

ಸ್ಕ್ರಿಪ್ಟ್ ನಾಲ್ಕು ಸೆಕೆಂಡಿನಲ್ಲಿ ಮುಗಿಯುತ್ತದೆ ಎಂದು ಆ ನಾಲ್ಕು ಸೆಕೆಂಡನ್ನು ಹಳೆಯ ಮೂರು ಗಂಟೆಗೆ ಹೋಲಿಸುವುದು ತಪ್ಪು. ಪಟ್ಟಿ ಬಂದ ಮೇಲೂ ಮಾವ ಕಪಾಟಿನ ಮುಂದೆ ನಿಂತು ಔಷಧ ತೆಗೆಯಬೇಕು. ಆ ಹೊತ್ತೂ ಲೆಕ್ಕಕ್ಕೆ ಬರಬೇಕು. ಗಡಿಯಾರ ನೋಡಿ ಅಳೆದು ಬರೆಯಿರಿ: 'ಮೊದಲು ಸುಮಾರು ಮೂರು ಗಂಟೆ ಹಿಡಿಯುತ್ತಿತ್ತು. ಈಗ ಪಟ್ಟಿ ಹಿಡಿದು ತಾಳೆ ನೋಡಲು 40 ನಿಮಿಷ.' ಲೆಕ್ಕ ಹಾಕಿದರೆ ಇದೂ 80%ರ ಹತ್ತಿರವೇ ಬರುತ್ತದೆ. ಆದರೆ ಈ ವಾಕ್ಯದ ಹಿಂದೆ ಅಳೆದವರು ಇದ್ದಾರೆ ಎಂದು ಗೊತ್ತಾಗುತ್ತದೆ. ಅಳೆದಿಲ್ಲದಿದ್ದರೆ ಸಂಖ್ಯೆಯೇ ಬೇಡ.

ಒಂದು ಪೂರ್ತಿ ಪತ್ರ ಬರೆದು ತೋರಿಸ್ತೀರಾ ಪ್ಲೀಸ್?

ಇಲ್ಲಿದೆ. ಓದಲು ಸುಲಭವಾಗಲಿ ಎಂದು ಕನ್ನಡದಲ್ಲಿ ಕೊಟ್ಟಿದ್ದೇನೆ. ಜಾಹೀರಾತಿನಲ್ಲಿ 'ಎಕ್ಸೆಲ್ ವರದಿಗಳ ಆಟೋಮೇಶನ್, ಪೈಥಾನ್ ಗೊತ್ತಿರಬೇಕು' ಎಂದಿತ್ತು ಎಂದುಕೊಳ್ಳಿ.

> ವಿಷಯ: ಜೂನಿಯರ್ ಆಟೋಮೇಶನ್ ಹುದ್ದೆಗೆ ಅರ್ಜಿ (ಬಿಸಿಎ, ಪೈಥಾನ್)
>
> ನಮಸ್ಕಾರ,
>
> ಎಕ್ಸೆಲ್ ವರದಿಗಳನ್ನು ತಾನಾಗಿ ತಯಾರಿಸುವ ಕೆಲಸಕ್ಕೆ ಜನ ಬೇಕು ಎಂಬ ನಿಮ್ಮ ಜಾಹೀರಾತು ನೋಡಿದೆ. ಅದೇ ಬಗೆಯ ಒಂದು ಚಿಕ್ಕ ಕೆಲಸವನ್ನು ನಾನು ಮಾಡಿದ್ದೇನೆ, ಅದು ಈಗಲೂ ಬಳಕೆಯಲ್ಲಿದೆ.
>
> ಹಾಸನದಲ್ಲಿ ನನ್ನ ಸೋದರಮಾವನ ಮೆಡಿಕಲ್ ಶಾಪ್ ಇದೆ. ಅವಧಿ ಮುಗಿಯಲಿರುವ ಔಷಧಗಳನ್ನು ಸ್ಟಾಕಿಸ್ಟ್‌ಗೆ ವಾಪಸ್ ಕೊಡಲು ಅವರು ಪ್ರತಿ ತಿಂಗಳು ಕಪಾಟು ಕಪಾಟು ನೋಡಿ ಪಟ್ಟಿ ಮಾಡುತ್ತಿದ್ದರು. ಸುಮಾರು ಮೂರು ಗಂಟೆ ಹಿಡಿಯುತ್ತಿತ್ತು. ನಾನು ಬರೆದ ಪೈಥಾನ್ ಸ್ಕ್ರಿಪ್ಟ್ ಪ್ರತಿ ಸೋಮವಾರ ಬೆಳಿಗ್ಗೆ ಸ್ಟಾಕ್ ಶೀಟನ್ನು ಓದಿ, ಮುಂದಿನ 90 ದಿನಗಳಲ್ಲಿ ಅವಧಿ ಮುಗಿಯುವ ಬ್ಯಾಚ್‌ಗಳನ್ನು ಸ್ಟಾಕಿಸ್ಟ್ ಪ್ರಕಾರ ವಿಂಗಡಿಸಿ ಮಾವನಿಗೆ ಇ-ಮೇಲ್ ಮಾಡುತ್ತದೆ. ಈಗ ತಿಂಗಳ ಕೊನೆಗೆ ಪಟ್ಟಿ ಹಿಡಿದು ತಾಳೆ ನೋಡಲು 40 ನಿಮಿಷ ಸಾಕಾಗುತ್ತದೆ.
>
> ಹೆಚ್ಚು ಕಷ್ಟ ಕೊಟ್ಟದ್ದು ದಿನಾಂಕ. ಶೀಟಿನಲ್ಲಿ ಟೈಪ್ ಮಾಡಿದ 03/27 ಅನ್ನು ಎಕ್ಸೆಲ್ ಕೆಲವು ಸಾಲುಗಳಲ್ಲಿ ಬೇರೆ ದಿನಾಂಕವಾಗಿ ಬದಲಿಸಿತ್ತು. ಚೆನ್ನಾಗಿರುವ ಔಷಧ ಅವಧಿ ಮೀರಿದ ಪಟ್ಟಿಯಲ್ಲಿ ಬಂದಾಗ ಇದು ಗೊತ್ತಾಯಿತು. ಈಗ ಅನುಮಾನ ಬಂದ ಸಾಲನ್ನು ಸ್ಕ್ರಿಪ್ಟ್ ಊಹಿಸುವುದಿಲ್ಲ, ಬೇರೆ ಪಟ್ಟಿಯಲ್ಲಿ ತೋರಿಸುತ್ತದೆ. ಈ ಭಾಗಕ್ಕೆ ಪೈಟೆಸ್ಟ್‌ನಲ್ಲಿ ಟೆಸ್ಟ್ ಬರೆದಿದ್ದೇನೆ.
>
> ಶೀಟಿನಲ್ಲಿ ದಾಖಲಾಗದೆ ಕಪಾಟಿನಲ್ಲಿ ಮಾತ್ರ ಇರುವ ಔಷಧ ಇದಕ್ಕೆ ಕಾಣುವುದಿಲ್ಲ. ಹಾಗಾಗಿ ಕಣ್ಣಿನಿಂದ ನೋಡುವ ಕೆಲಸ ಪೂರ್ತಿ ತಪ್ಪಿಲ್ಲ.
>
> ಕೋಡ್ ಮತ್ತು ಮಾದರಿ ಶೀಟ್ ಇರುವ ಲಿಂಕ್ ಕೆಳಗಿದೆ. ಈ ವರ್ಷ ಬಿಸಿಎ ಮುಗಿಸಿದ್ದೇನೆ. ಬೆಂಗಳೂರಿಗೆ ಬಂದು ತಕ್ಷಣ ಸೇರಬಲ್ಲೆ.
>
> ವಂದನೆಗಳೊಂದಿಗೆ,
> (ಹೆಸರು, ಫೋನ್, ಲಿಂಕ್)

ಇದರಲ್ಲಿ 'ನಾನು ಶ್ರಮಜೀವಿ, ಬೇಗ ಕಲಿಯುತ್ತೇನೆ' ಎಂಬ ಮಾತು ಎಲ್ಲೂ ಇಲ್ಲ. ಕಂಪನಿಯ ಹೊಗಳಿಕೆಯೂ ಇಲ್ಲ. ಮೊದಲ ಪ್ಯಾರಾ ಜಾಹೀರಾತಿನ ಒಂದು ಮಾತನ್ನು ನೇರವಾಗಿ ಹಿಡಿಯುತ್ತದೆ. ಕಣ್ಣಿನಿಂದ ನೋಡುವ ಕೆಲಸ ತಪ್ಪಿಲ್ಲ ಎಂಬ ವಾಕ್ಯವನ್ನು ಅನೇಕರು ತೆಗೆದುಹಾಕಲು ನೋಡುತ್ತಾರೆ. ದಯವಿಟ್ಟು ಅದು ಇರಲಿ. ತನ್ನ ಸ್ಕ್ರಿಪ್ಟ್ ಎಲ್ಲಿಗೆ ನಿಲ್ಲುತ್ತದೆ ಎಂದು ಗೊತ್ತಿರುವವರ ಜೊತೆ ಕೆಲಸ ಮಾಡುವುದು ಸಲೀಸು.

ಯೂಟ್ಯೂಬ್ ನೋಡಿ ಮಾಡಿದ ಪ್ರಾಜೆಕ್ಟ್ ಹಾಕಬಹುದಾ?

ನೋಡಿ ಕಲಿತದ್ದು ತಪ್ಪಲ್ಲ. ಅದನ್ನೇ ಹೆಸರು ಬದಲಿಸಿ ಇಡುವುದು ತಪ್ಪು. ಜನಪ್ರಿಯ ಟ್ಯುಟೋರಿಯಲ್‌ಗಳು ಅರ್ಜಿ ಓದುವವರಿಗೂ ಗೊತ್ತು, ಫೋಲ್ಡರಿನ ಹೆಸರು ನೋಡಿದರೇ ತಿಳಿಯುತ್ತದೆ. 'ಒಂದು ವಿಡಿಯೊ ನೋಡಿ ಶುರು ಮಾಡಿದೆ, ಆಮೇಲೆ ನಮ್ಮ ಅಂಗಡಿಯ ಶೀಟಿಗೆ ಹೊಂದುವಂತೆ ಇಷ್ಟಿಷ್ಟು ಬದಲಿಸಿದೆ' ಎಂದು ಬರೆಯಿರಿ. ಬದಲಿಸಿದ್ದು ಏನೂ ಇಲ್ಲದಿದ್ದರೆ ಮೊದಲು ಬದಲಿಸಿ, ಆಮೇಲೆ ಅರ್ಜಿ ಹಾಕಿ.

## ಇನ್ನೂ ಆಳಕ್ಕೆ

'ತಾನಾಗೇ ಓಡತ್ತೆ' ಅಂತ ಬರೆದಿದ್ದೆ. ಇಂಟರ್‌ವ್ಯೂನಲ್ಲಿ ಅದರ ಮೇಲೇ ಅರ್ಧ ಗಂಟೆ ಕೇಳಿದ್ರು. ಯಾಕೆ?

ಆ ಎರಡು ಪದಗಳಲ್ಲೇ ಕೆಲಸವೆಲ್ಲ ಇದೆ, ಅದಕ್ಕೆ. ಬರೆಯುವ ಮುಂಚೆ ನಿಮ್ಮ ಸ್ಕ್ರಿಪ್ಟಿಗೆ ಇದನ್ನೆಲ್ಲ ಕೇಳಿ ನೋಡಿ.

ವಿಂಡೋಸ್‌ನ Task Scheduler ಬಳಸಿದ್ದೀರಿ ಎಂದುಕೊಳ್ಳೋಣ. ಕೈಯಿಂದ ಓಡಿಸಿದರೆ ಸರಿ, ಶೆಡ್ಯೂಲ್ ಮಾಡಿದರೆ `FileNotFoundError`. ಇದು ಬಹಳ ಜನಕ್ಕೆ ಬರುತ್ತದೆ. ಕಾರಣ ಸರಳ. Start in ಎಂಬ ಜಾಗ ಖಾಲಿ ಬಿಟ್ಟರೆ ಸ್ಕ್ರಿಪ್ಟ್ ಓಡುವುದು ನಿಮ್ಮ ಫೋಲ್ಡರಿನಿಂದಲ್ಲ, `C:\Windows\System32` ಒಳಗಿಂದ. `stock.xlsx` ಎಂದು ಬರೀ ಹೆಸರು ಕೊಟ್ಟಿದ್ದರೆ ಅಲ್ಲಿ ಹುಡುಕುತ್ತದೆ. ಆ ಜಾಗ ತುಂಬಬೇಕು, ಇಲ್ಲವೇ ಕೋಡಿನಲ್ಲೇ ದಾರಿ ಕೊಡಬೇಕು:

```python
from pathlib import Path
STOCK = Path(__file__).resolve().parent / "stock.xlsx"
```

ಎರಡನೆಯದು, ಸೋಮವಾರ ಬೆಳಿಗ್ಗೆ ಕಂಪ್ಯೂಟರ್ ಆಫ್ ಆಗಿದ್ದರೆ? Task Scheduler ತಾನಾಗಿ ಆಮೇಲೆ ಓಡಿಸುವುದಿಲ್ಲ. Run task as soon as possible after a scheduled start is missed ಎಂಬ ಆಯ್ಕೆಗೆ ಟಿಕ್ ಹಾಕಬೇಕು. ಮೂರನೆಯದು, ಸ್ಕ್ರಿಪ್ಟ್ ವರದಿಯನ್ನು ಎಕ್ಸೆಲ್ ಫೈಲಿಗೆ ಬರೆಯುವಾಗ ಮಾವ ಅದೇ ಫೈಲನ್ನು ತೆರೆದು ಕೂತಿದ್ದರೆ `PermissionError` ಬರುತ್ತದೆ. ಹೆಸರಿನಲ್ಲಿ ದಿನಾಂಕ ಸೇರಿಸಿ ಹೊಸ ಫೈಲ್ ಬರೆದರೆ ಈ ಕಾಟ ತಪ್ಪುತ್ತದೆ.

ಇವೆಲ್ಲಕ್ಕಿಂತ ನನಗೆ ಇಷ್ಟವಾದ ಪ್ರಶ್ನೆ ಬೇರೆ. ಈ ಸೋಮವಾರ ಇ-ಮೇಲ್ ಬರಲಿಲ್ಲ. ಯಾವ ಔಷಧದ ಅವಧಿಯೂ ಮುಗಿಯುತ್ತಿಲ್ಲ ಎಂದೋ, ಸ್ಕ್ರಿಪ್ಟ್ ಓಡಲೇ ಇಲ್ಲ ಎಂದೋ? ಮಾವನಿಗೆ ಹೇಗೆ ಗೊತ್ತಾಗಬೇಕು? ಏನೂ ಇಲ್ಲದ ವಾರವೂ 'ಇಂದು ಇಷ್ಟು ಸಾಲು ನೋಡಿದೆ, ಯಾವುದೂ ಇಲ್ಲ' ಎಂದು ಇ-ಮೇಲ್ ಕಳಿಸುವುದೇ ಉತ್ತರ. ಆಗ ಇ-ಮೇಲ್ ಬಾರದಿದ್ದರೆ ಏನೋ ಕೆಟ್ಟಿದೆ ಎಂದೇ ಅರ್ಥ. ಇದನ್ನು ಮಾಡಿದ್ದರೆ ಪತ್ರದಲ್ಲಿ ಒಂದು ಸಾಲು ಖಂಡಿತ ಬರೆಯಿರಿ. ಮಾಡಿಲ್ಲದಿದ್ದರೆ ಇವತ್ತೇ ಮಾಡಿ, ಹತ್ತು ನಿಮಿಷದ ಕೆಲಸ.

ಗಿಟ್‌ಹಬ್ ಲಿಂಕ್ ಕೊಡೋ ಮುಂಚೆ ಏನು ನೋಡ್ಕೋಬೇಕು?

ಪಾಸ್‌ವರ್ಡ್. ಇ-ಮೇಲ್ ಕಳಿಸುವ ಸ್ಕ್ರಿಪ್ಟುಗಳಲ್ಲಿ ಇದೇ ಮೊದಲ ಅಪಾಯ. ಜಿಮೇಲ್‌ನ ಮಾಮೂಲಿ ಪಾಸ್‌ವರ್ಡ್ ಹಾಕಿ ಸ್ಕ್ರಿಪ್ಟಿನಿಂದ ಮೇಲ್ ಕಳಿಸುವುದು 2022ರ ಮೇ ಕೊನೆಯಿಂದ ನಿಂತಿದೆ. ಟು-ಸ್ಟೆಪ್ ವೆರಿಫಿಕೇಶನ್ ಆನ್ ಮಾಡಿ, 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ತೆಗೆದುಕೊಳ್ಳುವುದು ಈಗಿನ ಸುಲಭ ದಾರಿ. ಅದನ್ನು ಕೋಡಿನಲ್ಲೇ ಬರೆದು ಗಿಟ್‌ಹಬ್‌ಗೆ ಹಾಕಿದರೆ ಯಾರು ಬೇಕಾದರೂ ನಿಮ್ಮ ಹೆಸರಿನಲ್ಲಿ ಮೇಲ್ ಕಳಿಸಬಹುದು. ಅದನ್ನು ಎನ್‌ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಇಡಿ. `.env` ಫೈಲಿನಲ್ಲಿ ಇಟ್ಟರೆ ಅದರ ಹೆಸರು `.gitignore`ನಲ್ಲಿ ಇರಲಿ.

ಈಗಾಗಲೇ ಹಾಕಿಬಿಟ್ಟಿದ್ದರೆ ಅಳಿಸಿ ಮತ್ತೆ ಕಮಿಟ್ ಮಾಡಿದರೆ ಸಾಲದು. ಹಳೆಯ ಕಮಿಟ್‌ಗಳಲ್ಲಿ ಅದು ಹಾಗೇ ಇರುತ್ತದೆ. ಮೊದಲು ಗೂಗಲ್ ಅಕೌಂಟಿಗೆ ಹೋಗಿ ಆ ಪಾಸ್‌ವರ್ಡನ್ನೇ ರದ್ದು ಮಾಡಿ.

ಇನ್ನೊಂದು, ಅಂಗಡಿಯ ಲೆಕ್ಕ. ಮಾವನ ನಿಜವಾದ ಸ್ಟಾಕ್ ಶೀಟು, ಸ್ಟಾಕಿಸ್ಟ್‌ಗಳ ಹೆಸರು, ಬೆಲೆ ಯಾವುದೂ ಹೊರಗೆ ಕಾಣಬಾರದು. ಕಟ್ಟಿದ ಹೆಸರುಗಳಿರುವ ಇಪ್ಪತ್ತು ಸಾಲಿನ ಮಾದರಿ ಶೀಟ್ ಹಾಕಿ. ಅದರಲ್ಲಿ ಬೇಕೆಂದೇ ಎರಡು ಮೂರು ಕೆಟ್ಟ ದಿನಾಂಕ ಇರಲಿ. `README`ನಲ್ಲಿ ಓಡಿಸುವ ಬಗೆ ಬರೆದಿದ್ದರೆ, ಓದುವವರು ಕ್ಲೋನ್ ಮಾಡಿ ಒಂದು ಕಮಾಂಡಿನಲ್ಲಿ ನಿಮ್ಮ ಕೆಲಸ ನೋಡಬಹುದು. ಅಂಗಡಿಯ ವಿಷಯ ಪತ್ರದಲ್ಲಿ ಬರೆಯುತ್ತಿರುವುದರಿಂದ ಮಾವನ ಒಪ್ಪಿಗೆಯನ್ನೂ ಒಂದು ಮಾತು ಕೇಳಿಬಿಡಿ.

ಯೂನಿವರ್ಸಿಟಿ ರಿಸಲ್ಟ್ ಸೈಟಿಂದ ಇಡೀ ಕ್ಲಾಸಿನ ಅಂಕ ಎಳೆಯೋ ಸ್ಕ್ರಿಪ್ಟ್ ಬರೆದಿದ್ದೀನಿ, ಕ್ಯಾಪ್ಚಾನೂ ದಾಟತ್ತೆ. ಇದೇ ನನ್ನ ಬೆಸ್ಟ್ ಪ್ರಾಜೆಕ್ಟ್. ಹಾಕ್ಲಾ?

ನಿಮ್ಮ ಜಾಣತನಕ್ಕೆ ಮೆಚ್ಚುಗೆ ಇದೆ, ಆದರೂ ಬೇಡ. ಕ್ಯಾಪ್ಚಾ ಇಟ್ಟಿರುವುದೇ ಸ್ಕ್ರಿಪ್ಟುಗಳು ಬರಬಾರದು ಎಂದು. ಎಳೆದದ್ದು ಬೇರೆಯವರ ಅಂಕಗಳು, ಅವರನ್ನು ಕೇಳಿಲ್ಲ. ಆಟೋಮೇಶನ್ ಟೀಮಿನಲ್ಲಿ ಹೊಸಬರ ಕೈಗೂ ಕಂಪನಿಯ ಸಿಸ್ಟಮ್‌ಗಳ ಲಾಗಿನ್ ಬರುತ್ತದೆ. ತಡೆ ಕಂಡ ಕಡೆ ದಾಟುವವರು ಎಂಬ ಅನುಮಾನ ಪತ್ರದಲ್ಲೇ ಬಿತ್ತಬಾರದು. ವಾಟ್ಸ್ಆ್ಯಪ್‌ನಲ್ಲಿ ನೂರಾರು ಜನಕ್ಕೆ ಒಟ್ಟಿಗೆ ಮೆಸೇಜ್ ಕಳಿಸುವ ಸ್ಕ್ರಿಪ್ಟುಗಳಿಗೂ ಇದೇ ಮಾತು. ಅದು ವಾಟ್ಸ್ಆ್ಯಪ್‌ನ ನಿಯಮಕ್ಕೆ ವಿರುದ್ಧ, ನಂಬರೇ ಬ್ಲಾಕ್ ಆಗಬಹುದು.

ಆ ಸ್ಕ್ರಿಪ್ಟಿನಲ್ಲಿ ಕಲಿತದ್ದು ವ್ಯರ್ಥವಾಗುವುದಿಲ್ಲ. ಪುಟ ತೆರೆಯುವುದು, ಎಲಿಮೆಂಟ್ ಬರುವವರೆಗೆ ಕಾಯುವುದು, ಟೇಬಲ್ ಓದುವುದು ಎಲ್ಲ ಟೆಸ್ಟ್ ಆಟೋಮೇಶನ್‌ಗೆ ಬೇಕಾದದ್ದೇ. ಅಭ್ಯಾಸಕ್ಕೆಂದೇ ಇಟ್ಟಿರುವ ಡೆಮೊ ಸೈಟುಗಳಿವೆ, ನಿಮ್ಮದೇ ಚಿಕ್ಕ ವೆಬ್‌ಪೇಜ್ ಆದರೂ ಆಯಿತು. ಅದರ ಮೇಲೆ ಅದೇ ಕೆಲಸ ಮಾಡಿ ತೋರಿಸಿ.

ಜಾಹೀರಾತಲ್ಲಿ ಸೆಲೆನಿಯಮ್ ಕೇಳಿದ್ದಾರೆ. ನನಗೆ ಬರೋದು ಈ ಎಕ್ಸೆಲ್ ಸ್ಕ್ರಿಪ್ಟ್ ಮಾತ್ರ. ಸುಮ್ನೆ ಬಿಟ್ಬಿಡ್ಲಾ?

ಜಾಹೀರಾತನ್ನು ಇನ್ನೊಂದು ಸಲ ಓದಿ. ಮೂರು ವರ್ಷದ ಅನುಭವ ಕೇಳಿದ್ದರೆ ಬಿಟ್ಟುಬಿಡಿ. ಫ್ರೆಶರ್‌ಗಳೂ ಅರ್ಜಿ ಹಾಕಬಹುದು ಎಂದಿದ್ದರೆ ಹಾಕಿ, ಆದರೆ ಗೊತ್ತಿದೆ ಎಂದು ಬರೆಯಬೇಡಿ. ಸುಳ್ಳು ಎರಡನೇ ಪ್ರಶ್ನೆಗೆ ಬಯಲಾಗುತ್ತದೆ. ಸೆಲೆನಿಯಮ್ ಬಳಸಿದ್ದೇನೆ ಎಂದವರಿಗೆ ನಾನು ಕೇಳುವುದು `time.sleep(5)` ಬದಲು ಏನು ಬಳಸುತ್ತೀರಿ ಎಂದು. ಬಳಸಿದವರು `WebDriverWait` ಎಂದು ತಕ್ಷಣ ಹೇಳುತ್ತಾರೆ. ಯಾಕೆಂದರೆ ಪುಟ ಒಮ್ಮೆ ಬೇಗ, ಒಮ್ಮೆ ತಡವಾಗಿ ಬಂದು ಟೆಸ್ಟ್ ಕೆಟ್ಟಿದ್ದನ್ನು ಅವರು ನೋಡಿರುತ್ತಾರೆ.

ಅರ್ಜಿಗೆ ಒಂದು ವಾರ ಸಮಯವಿದ್ದರೆ ಹೀಗೆ ಮಾಡಬಹುದು. ಸ್ಟಾಕ್ ಶೀಟಿನ ಬದಲು ಒಂದು ಪುಟ್ಟ ಹೆಚ್‌ಟಿಎಮ್‌ಎಲ್ ಫಾರ್ಮ್ ಮಾಡಿ. ಔಷಧದ ಹೆಸರು, ಬ್ಯಾಚ್, ಅವಧಿ ಎಂಬ ಮೂರು ಜಾಗ. ಅವಧಿಯ ಜಾಗದಲ್ಲಿ `03/27`, `13/27`, `MAR-27`, ಖಾಲಿ ಹೀಗೆ ನಾಲ್ಕು ಥರ ತುಂಬಿಸಿ, ಸರಿಯಾದದ್ದನ್ನು ಒಪ್ಪಿ ಉಳಿದದ್ದಕ್ಕೆ ತಪ್ಪು ತೋರಿಸುತ್ತದೆಯೇ ಎಂದು ಸೆಲೆನಿಯಮ್‌ನಿಂದ ಪರೀಕ್ಷಿಸಿ. ಆಗ ಪತ್ರದಲ್ಲಿ ಒಂದು ಪ್ರಾಮಾಣಿಕ ಸಾಲು ಸೇರಿಸಬಹುದು: 'ಸೆಲೆನಿಯಮ್ ಈ ವಾರವಷ್ಟೇ ಶುರು ಮಾಡಿದೆ. ಅದೇ ದಿನಾಂಕದ ತೊಂದರೆಗೆ ಒಂದು ಫಾರ್ಮ್ ಮಾಡಿ ನಾಲ್ಕು ಟೆಸ್ಟ್ ಬರೆದಿದ್ದೇನೆ, ಅದೇ ಲಿಂಕಿನಲ್ಲಿದೆ.' ಇಂಟರ್‌ವ್ಯೂನಲ್ಲಿ `13/27` ಯಾಕೆ ಸೇರಿಸಿದಿರಿ ಎಂದು ಕೇಳುತ್ತಾರೆ. ಹದಿಮೂರನೇ ತಿಂಗಳು ಇಲ್ಲ ಎಂದಷ್ಟೇ ಹೇಳಿ ನಿಲ್ಲಿಸಬೇಡಿ. ಮೇಲಿನ `expiry` ಫಂಕ್ಷನ್‌ಗೆ ಅದೇ `13/27` ಕೊಟ್ಟರೆ ಏನಾಗುತ್ತದೆ ಎಂದು ಮೊದಲೇ ಓಡಿಸಿ ನೋಡಿಕೊಂಡು ಹೋಗಿ.